ನೋಟಿಸಿಗೂ ಮೊದಲಿನ ಟಿಪ್ಪಣಿ

ಗಡಿ ರಸ್ತೆ ಸೇವೆಯ ಎಂಜಿನಿಯರ್ ದೇವ್ ದತ್ ಅವರಿಗೆ ಬಡ್ತಿ ತಪ್ಪಿದ್ದು 1993-94ರ ವರದಿಯಲ್ಲಿದ್ದ ‘ಉತ್ತಮ’ ಎಂಬ ಷರಾದಿಂದ. ಬೇಕಿದ್ದದ್ದು ‘ಬಹಳ ಉತ್ತಮ’. ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಸರ್ಕಾರಿ ನೌಕರರಿಗೆ ಪ್ರತಿ ಷರಾವನ್ನೂ ಸಕಾಲದಲ್ಲಿ ತಿಳಿಸಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಖಾಸಗಿ ಕಚೇರಿಯೊಂದರಲ್ಲಿ ಗುಮಾಸ್ತರೊಬ್ಬರ ಬಿಲ್‌ಗಳು ತಡವಾಗುತ್ತಿವೆ ಎನ್ನೋಣ. ‘ಬೇಜವಾಬ್ದಾರಿ’ ಎಂದು ಬರೆದರೆ ಅದು ಬರೀ ಅಭಿಪ್ರಾಯ. ‘ಜುಲೈ 5ಕ್ಕೆ ಹೋಗಬೇಕಿದ್ದ ಬಿಲ್ 9ಕ್ಕೆ ಹೋಯಿತು, ಸರ್ವರ್ ಕೆಟ್ಟಿತ್ತೆಂದರು, ಮುಂದಿನದನ್ನು ಆಗಸ್ಟ್ 5ಕ್ಕೆ ಕಳಿಸಲು ಒಪ್ಪಿದರು’ ಎಂಬುದು ದಾಖಲೆ. ಅದನ್ನು ಅದೇ ದಿನ ಇಮೇಲ್ ಮಾಡಿದರೆ, ತಪ್ಪಿದ್ದಲ್ಲಿ ಅವರೇ ತಿದ್ದಬಹುದು.

ಡಿಸೆಂಬರಿನ ಎಚ್ಚರಿಕೆ ಪತ್ರದಲ್ಲಿ ಇಂಥ ದಿನಾಂಕಗಳನ್ನಷ್ಟೇ ಎತ್ತಬೇಕು. ನೋಟಿಸಿನ ಹಿಂದಿನ ವಾರ ಒಟ್ಟಿಗೆ ಗೀಚಿದ ಟಿಪ್ಪಣಿಗಳಾಗಲಿ, ಅದೇ ತಪ್ಪು ಮಾಡಿದ ಇತರರನ್ನು ಬಿಟ್ಟ ಕಡತವಾಗಲಿ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ.