ಅರ್ಜಿಗೆ ಮೊದಲು ಸೀನಿಯರ್‌ಗೊಂದು ಮೆಸೇಜ್

ತುಂಗಭದ್ರೆಯ ಹಿನ್ನೀರಿನ ಹಂಪಸಾಗರದಿಂದ ಹೊಸಪೇಟೆಯ ಪಿಡಿಐಟಿಗೋ ಬಳ್ಳಾರಿಯ ಆರ್‌ವೈಎಂಇಸಿಗೋ ಹೋಗಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಬೆಂಗಳೂರಿನ ಕಂಪನಿಗಳಲ್ಲಿ ಪರಿಚಯದವರು ಇರುವುದು ಅಪರೂಪ. ಕಾಲೇಜಿನ ಸೀನಿಯರ್‌ಗಳು ಮಾತ್ರ ಅಲ್ಲಿ ಇದ್ದೇ ಇರುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು 'ಅಲುಮ್ನಿ' ವಿಭಾಗಕ್ಕೆ ಹೋದರೆ ಯಾರು ಯಾವ ಕಂಪನಿಯಲ್ಲಿ, ಯಾವ ಊರಿನಲ್ಲಿ ಇದ್ದಾರೆ ಎಂದು ಸೋಸಿ ನೋಡಬಹುದು. ಒಂದೇ ಹೆಸರಿನಲ್ಲಿ ಹುಡುಕಿ ನಿಲ್ಲಿಸಬೇಡಿ. ಆರ್‌ವೈಎಂಇಸಿಗೆ ಮೊದಲು ವಿಜಯನಗರ ಇಂಜಿನಿಯರಿಂಗ್ ಕಾಲೇಜು ಎಂಬ ಹೆಸರಿತ್ತು. ವಿಟಿಯು ಹುಟ್ಟಿದ್ದು 1998ರಲ್ಲಿ; ಅದಕ್ಕಿಂತ ಹಿಂದೆ ಓದಿದವರು ತಮ್ಮ ಪ್ರೊಫೈಲಿನಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವನ್ನಷ್ಟೇ ಬರೆದುಕೊಂಡಿರಬಹುದು.

ಆದರೆ ಹೆಚ್ಚಿನವರು ಎಡವುವುದು ಹುಡುಕಾಟದಲ್ಲಲ್ಲ, ಕ್ರಮದಲ್ಲಿ. ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿಬಿಡುತ್ತಾರೆ, ಎರಡು ವಾರ ಉತ್ತರ ಬಾರದಿದ್ದಾಗ ಸೀನಿಯರ್‌ಗೆ ಮೆಸೇಜ್ ಕಳಿಸುತ್ತಾರೆ. ಅಷ್ಟೊತ್ತಿಗೆ ಹಲವು ಕಂಪನಿಗಳಲ್ಲಿ ರೆಫರಲ್‌ನ ಬಾಗಿಲು ಮುಚ್ಚಿರುತ್ತದೆ. ರೆಫರಲ್ ನಡೆಯುವುದು ಹೀಗೆ: ನೌಕರ ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ಹುದ್ದೆಯ ಸಂಖ್ಯೆ, ಅಭ್ಯರ್ಥಿಯ ಇಮೇಲ್, ರೆಸ್ಯೂಮೆ ಸೇರಿಸುತ್ತಾನೆ. ಬಹಳ ಕಡೆ ಅಭ್ಯರ್ಥಿಗೆ ಒಂದು ಲಿಂಕ್ ಬರುತ್ತದೆ, ಅದರ ಮೂಲಕವೇ ಅರ್ಜಿ ಹಾಕಬೇಕು. ಅದೇ ಇಮೇಲ್‌ನಿಂದ ಮೊದಲೇ ಅರ್ಜಿ ಹೋಗಿದ್ದರೆ 'ಈ ಅಭ್ಯರ್ಥಿ ಈಗಾಗಲೇ ಇದ್ದಾರೆ' ಎಂದು ಪೋರ್ಟಲ್ ತಡೆಯಬಹುದು. ಹಾಗಾಗಿ ಮೊದಲು ಕೇಳಬೇಕು, ಆಮೇಲೆ ಅರ್ಜಿ.

ಆ ಪೋರ್ಟಲ್ ಸೀನಿಯರ್‌ಗೂ ಒಂದೆರಡು ಪ್ರಶ್ನೆ ಕೇಳುವುದುಂಟು: ಇವರು ನಿಮಗೆ ಹೇಗೆ ಪರಿಚಯ? ಈ ಹುದ್ದೆಗೆ ಏಕೆ ಸೂಕ್ತ? 'ಸರ್, ಯಾವ್ದಾದ್ರೂ ಓಪನಿಂಗ್ ಇದ್ರೆ ಹೇಳಿ' ಎಂಬ ಮೆಸೇಜ್ ಹಿಡಿದು ಅವರು ಆ ಖಾನೆಯಲ್ಲಿ ಏನು ತುಂಬಲು ಸಾಧ್ಯ? ನಿಮ್ಮ ಹಿನ್ನೆಲೆಯ ಎರಡು ಸಾಲು ಬೇಕಾಗಿರುವುದು ಅಲ್ಲಿಗೆ. ಬಾಲ್ಯದಿಂದ ಶುರುವಾಗುವ ಕಥೆ ಬೇಡ, ಮನೆಯ ಕಷ್ಟವೂ ಬೇಡ. ಆ ಹುದ್ದೆ ಕೇಳುವ ಕೆಲಸದಲ್ಲಿ ನೀವು ಏನು ಮಾಡಿದ್ದೀರಿ ಎಂಬುದಷ್ಟೇ ಸಾಕು.

ಹಂಪಸಾಗರದ ಹುಡುಗಿಯೊಬ್ಬಳು ಪಿಡಿಐಟಿಯಲ್ಲಿ 2024ರಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿ, ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ದೊಡ್ಡ ಕಂಪನಿಯೊಂದರಲ್ಲಿ ತನಗೆ ಹೊಂದುವ ಹುದ್ದೆ ಕಂಡಿದೆ. ಅಲ್ಲಿರುವ ಸೀನಿಯರ್‌ಗಳಲ್ಲಿ ಅವಳು ಹುಡುಕಬೇಕಾದದ್ದು ಉಪಾಧ್ಯಕ್ಷರನ್ನಲ್ಲ, ತನಗಿಂತ ನಾಲ್ಕೈದು ವರ್ಷ ಮುಂದಿರುವ, ಸಾಧ್ಯವಾದರೆ ಅದೇ ವಿಭಾಗದ ಒಬ್ಬರನ್ನು. ಲಿಂಕ್ಡ್‌ಇನ್‌ನ ಹಣ ಕಟ್ಟದ ಖಾತೆಯಲ್ಲಿ ಕನೆಕ್ಷನ್ ಕೋರಿಕೆಯ ಜೊತೆಗಿನ ಟಿಪ್ಪಣಿಗೆ ಜಾಗ ಬಹಳ ಕಡಿಮೆ, ತಿಂಗಳಿಗೆ ಕಳಿಸಬಹುದಾದ ಟಿಪ್ಪಣಿಗಳೂ ಕೆಲವೇ. ಹೀಗಾಗಿ ಮೊದಲ ಸಲ ಇಷ್ಟೇ: 'ನಮಸ್ಕಾರ ಸರ್, ನಾನು ಹಂಪಸಾಗರದವಳು, ಪಿಡಿಐಟಿ 2024ರ ಬ್ಯಾಚ್. ನಿಮ್ಮ ಕಂಪನಿಯ ಟೆಸ್ಟಿಂಗ್ ಹುದ್ದೆಯ ಬಗ್ಗೆ ಕೇಳುವುದಿತ್ತು.'

ಅವರು ಒಪ್ಪಿದ ಮೇಲೆ ಪೂರ್ತಿ ಮೆಸೇಜ್: 'ಹುದ್ದೆಯ ಸಂಖ್ಯೆ, ಲಿಂಕ್ ಕೆಳಗಿವೆ. ಒಂದು ವರ್ಷದಿಂದ ಮ್ಯಾನುಯಲ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಆರು ತಿಂಗಳಿಂದ ನಮ್ಮ ಆ್ಯಪಿನ ಲಾಗಿನ್ ಮತ್ತು ಪಾವತಿ ಪುಟಗಳಿಗೆ ಸೆಲೆನಿಯಂನಲ್ಲಿ ಟೆಸ್ಟ್ ಬರೆಯುತ್ತಿದ್ದೇನೆ. ಇನ್ನೂ ಅರ್ಜಿ ಹಾಕಿಲ್ಲ. ರೆಸ್ಯೂಮೆ ನೋಡಿ ಹೊಂದುತ್ತದೆ ಅನ್ನಿಸಿದರೆ ರೆಫರ್ ಮಾಡುತ್ತೀರಾ? ಆಗದಿದ್ದರೆ ಶುಕ್ರವಾರದ ನಂತರ ನಾನೇ ಅರ್ಜಿ ಹಾಕುತ್ತೇನೆ.' ಇದರಲ್ಲಿ ಕೊನೆಯ ಸಾಲು ನನಗೆ ಬಹಳ ಮುಖ್ಯ. ಅದು ಸೀನಿಯರ್‌ಗೆ ಇಲ್ಲ ಎನ್ನಲು ದಾರಿ ಬಿಡುತ್ತದೆ, ಅವಳ ಕಾಯುವಿಕೆಗೂ ಗಡಿ ಹಾಕುತ್ತದೆ. ಮೊದಲು ವಾರಗಟ್ಟಲೆ ಪರಿಚಯ ಬೆಳೆಸಿ ಆಮೇಲೆ ಕೇಳಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಹುದ್ದೆಯೇ ಮುಚ್ಚಿಹೋದೀತು. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ ಎಂದು ನೇರವಾಗಿ, ವಿನಯದಿಂದ ಹೇಳುವುದರಲ್ಲಿ ಸಂಕೋಚ ಪಡಬೇಕಾದ್ದೇನೂ ಇಲ್ಲ.

ಉತ್ತರ ಬಾರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಒಂದೇ ಹುದ್ದೆಗೆ ಒಂದೇ ದಿನ ಐದಾರು ಜನರಿಗೆ ಅದೇ ಮೆಸೇಜ್ ಹಂಚಬೇಡಿ. ಇಬ್ಬರು ಒಟ್ಟಿಗೆ ರೆಫರ್ ಮಾಡಲು ಹೋದರೆ ಎರಡನೆಯವರ ಶ್ರಮ ದಂಡ. ರೆಫರಲ್ ಸಿಕ್ಕರೂ ಸಂದರ್ಶನ ಖಚಿತವಲ್ಲ, ರೆಸ್ಯೂಮೆ ಮನುಷ್ಯರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚುತ್ತದೆ ಅಷ್ಟೆ. ರೆಫರಲ್‌ಗೆ ಯಾರಾದರೂ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ, ಅದು ಮೋಸ. ಸೇರಿದವರು ಕೆಲಕಾಲ ಕೆಲಸದಲ್ಲಿ ಉಳಿದರೆ ರೆಫರ್ ಮಾಡಿದವರಿಗೆ ಬೋನಸ್ ಕೊಡುವುದು ಕಂಪನಿಯೇ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಹೋಗಿ ಇಂದು ಕಂಪನಿಗಳಲ್ಲಿ ಕೂತಿರುವ ಅಣ್ಣಂದಿರು, ಅಕ್ಕಂದಿರು ಈ ಮಾತು ಓದುತ್ತಿದ್ದರೆ ಒಂದು ವಿನಂತಿ: ರೆಫರ್ ಮಾಡಲು ಆಗದಿದ್ದರೆ 'ಆಗೋದಿಲ್ಲ, ನೀನೇ ಅರ್ಜಿ ಹಾಕು' ಎಂದು ಅವತ್ತೇ ಬರೆದುಬಿಡಿ. ಆ ಮಕ್ಕಳು ನಿಮ್ಮ ಉತ್ತರಕ್ಕಾಗಿಯೇ ಅರ್ಜಿ ತಡೆಹಿಡಿದು ಕಾಯುತ್ತಿರುತ್ತಾರೆ.