ಅಡುಗೆಮನೆಯ ಸಿಲಿಂಡರಿಗೆ ಎರಡೂವರೆ ಮಿಲಿಮೀಟರ್ ಸಾಕೆ?

ನಮ್ಮ ಮನೆಗಳಿಗೆ ಬರುವ 14.2 ಕಿಲೋ ಗ್ಯಾಸ್ ಸಿಲಿಂಡರಿನ ತಗಡು ಎರಡೂವರೆ ಮಿಲಿಮೀಟರಿನ ಆಸುಪಾಸು ದಪ್ಪವಿರುತ್ತದೆ, ಅಷ್ಟೇ. ಒಳಗಿನ ಅನಿಲವೋ ಹೊರಗಿನ ಗಾಳಿಗಿಂತ ಹಲವು ಪಟ್ಟು ಜೋರಾಗಿ ಎಲ್ಲ ದಿಕ್ಕಿಗೂ ಒತ್ತುತ್ತಿರುತ್ತದೆ. ಇಷ್ಟು ತೆಳು ತಗಡು ಅದನ್ನು ತಡೆಯುತ್ತದೆಂದು ತಯಾರಕರಿಗೆ ಹೇಗೆ ಗೊತ್ತು?

ಸಿಲಿಂಡರನ್ನು ಮೇಲಿನಿಂದ ಕೆಳಗೆ ಉದ್ದಕ್ಕೆ ಎರಡು ಹೋಳು ಮಾಡಿದಂತೆ ಊಹಿಸಿಕೊಳ್ಳಿ. ಹೋಳುಗಳನ್ನು ಬೇರೆ ಮಾಡಲು ನೋಡುವ ಬಲವೆಂದರೆ ಒತ್ತಡ, ವ್ಯಾಸ ಮತ್ತು ಉದ್ದಗಳ ಗುಣಲಬ್ಧ. ಅವನ್ನು ಹಿಡಿದಿಟ್ಟುಕೊಳ್ಳುವುದು ಎಡಬಲದ ಎರಡು ತಗಡಿನ ಅಂಚುಗಳು ಮಾತ್ರ. ಎರಡೂ ಕಡೆ ಇರುವ ಉದ್ದ ಹೊಡೆದುಹೋಗಿ ಉಳಿಯುವ ಸೂತ್ರ ಇದು:

t = pD / 2σ

ಇಲ್ಲಿ t ದಪ್ಪ, p ಒಳಗಿನ ಒತ್ತಡ, D ವ್ಯಾಸ, σ ಉಕ್ಕಿನ ಮೇಲೆ ನಾವು ಬೀಳಗೊಡುವ ಗರಿಷ್ಠ ಎಳೆತ. ದಪ್ಪಕ್ಕೆ ಹೋಲಿಸಿದರೆ ವ್ಯಾಸ ಇಪ್ಪತ್ತು ಪಟ್ಟಿಗಿಂತ ಹೆಚ್ಚಿದ್ದರಷ್ಟೇ ಈ ಸರಳ ಲೆಕ್ಕ ನಂಬಿಕಸ್ಥ. ನಮ್ಮ ಸಿಲಿಂಡರಿನಲ್ಲಿ ಅದು ನೂರು ಪಟ್ಟು ಮೀರುತ್ತದೆ.

ಸಂಖ್ಯೆಗಳನ್ನು ಹಾಕಿ ನೋಡೋಣ. ವ್ಯಾಸ ಸುಮಾರು 315 ಮಿ.ಮೀ. ಒತ್ತಡಕ್ಕೆ ದಿನಬಳಕೆಯ ಅಂಕಿ ಸಾಲದು. ಕಾರ್ಖಾನೆಯಲ್ಲಿ ನೀರು ತುಂಬಿ ಪರೀಕ್ಷಿಸುವಾಗಿನ ಒತ್ತಡ, ಅಂದರೆ ಸುಮಾರು 2.5 ಮೆಗಾಪಾಸ್ಕಲ್ ಹಿಡಿಯಬೇಕು. (ನೀರೇ ಯಾಕೆಂದರೆ, ಅದು ಕುಗ್ಗುವುದು ತೀರಾ ಕಡಿಮೆ. ಸಿಲಿಂಡರ್ ಬಿರಿದರೂ ಅನಿಲದ ಹಾಗೆ ಸಿಡಿಯುವುದಿಲ್ಲ.) ಈ ಉಕ್ಕು 240 ಮೆಗಾಪಾಸ್ಕಲ್ ಎಳೆತದ ತನಕ ಕಾಯಂ ಆಗಿ ಹಿಗ್ಗುವುದಿಲ್ಲ ಎನ್ನೋಣ. ಅದರಲ್ಲಿ ಶೇ. 80ನ್ನು ಮಾತ್ರ ಬಳಸಿ, ಬೆಸುಗೆಯ ಹೆಸರಲ್ಲಿ ಇನ್ನೂ ಹತ್ತನೇ ಒಂದು ಪಾಲು ಕಳೆದರೆ ಸುಮಾರು 173 ಉಳಿಯುತ್ತದೆ. 2.5ನ್ನು 315ರಿಂದ ಗುಣಿಸಿ 346ರಿಂದ ಭಾಗಿಸಿ: 2.3 ಮಿ.ಮೀ.

ಇದು ಕನಿಷ್ಠ ದಪ್ಪ. ತಗಡನ್ನು ಅಚ್ಚಿಗೆ ಒತ್ತಿ ಬಟ್ಟಲಿನಾಕಾರಕ್ಕೆ ಎಳೆಯುವಾಗ ಅಲ್ಲಲ್ಲಿ ತೆಳುವಾಗುವುದರಿಂದ ತುಸು ದಪ್ಪದ ಹಾಳೆಯಿಂದಲೇ ಕೆಲಸ ಶುರುವಾಗುತ್ತದೆ.

ಅಂಥ ಎರಡು ಬಟ್ಟಲುಗಳನ್ನು ನಡುವಿನಲ್ಲಿ ಸುತ್ತಲೂ ಬೆಸೆದದ್ದೇ ನಮ್ಮ ಸಿಲಿಂಡರ್. ಉದ್ದಕ್ಕೆ ಬೆಸುಗೆಯೇ ಇಲ್ಲ. ಇದರಲ್ಲೊಂದು ಜಾಣತನವಿದೆ: ಸಿಲಿಂಡರನ್ನು ಅಡ್ಡಕ್ಕೆ ಕತ್ತರಿಸಿದಂತೆ ಲೆಕ್ಕ ಹಾಕಿದರೆ ತಗಡಿನ ಮೇಲಿನ ಎಳೆತ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ನಡುವಿನ ಬೆಸುಗೆ ಹೊರುವುದು ಈ ಅರ್ಧವನ್ನೇ. ಒತ್ತಡಕ್ಕೆ ಒಡೆಯುವ ಪೈಪುಗಳು ಸಾಮಾನ್ಯವಾಗಿ ಉದ್ದಕ್ಕೆ ಸೀಳುವುದೂ ಇದೇ ಕಾರಣಕ್ಕೆ.

ಬೆಂಕಿಗೆ ಸಿಕ್ಕಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಳಗೆ p ಏರುತ್ತದೆ, ಕಾದ ಉಕ್ಕಿನ σ ಇಳಿಯುತ್ತದೆ. ತುಕ್ಕಿನದು ನಿಧಾನದ ಹಾವಳಿ. ಎರಡೂವರೆ ಮಿ.ಮೀ. ತಗಡು ಒಂದು ಕಡೆ ಒಂದೂವರೆಗೆ ಸವೆದರೆ ಅಲ್ಲಿ ಎಳೆತ ಮೂರನೇ ಎರಡು ಪಾಲು ಹೆಚ್ಚುತ್ತದೆ. ನೀರು ನಿಲ್ಲುವ ತಳದ ಬಳೆಯ ಸುತ್ತ ಹೊಪ್ಪಳಿಕೆ ಎದ್ದಿದ್ದರೆ ಆ ಸಿಲಿಂಡರನ್ನು ವಾಪಸು ಕಳಿಸುವುದೇ ಸರಿ. ಹಿಡಿಕೆಯ ಪಟ್ಟಿಯ ಒಳಬದಿಯನ್ನೂ ನೋಡಬೇಕು. ಅಲ್ಲಿ B-27 ಎಂದಿದ್ದರೆ ಮುಂದಿನ ಪರೀಕ್ಷೆ 2027ರ ಏಪ್ರಿಲ್‌ನಿಂದ ಜೂನ್ ನಡುವೆ ಎಂದರ್ಥ.