ತುಂಬಿದ ಬುಟ್ಟಿ, ಬಾರದ ಆರ್ಡರ್

ಆನ್‌ಲೈನ್ ಅಂಗಡಿಗಳಲ್ಲಿ ಹತ್ತು ಜನ ಸಾಮಾನು ಆರಿಸಿ ಕಾರ್ಟಿಗೆ ಹಾಕಿದರೆ ಸುಮಾರು ಏಳು ಜನ ದುಡ್ಡು ಕಟ್ಟದೆ ಹೊರಟುಹೋಗುತ್ತಾರೆ. ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಡೆನ್ಮಾರ್ಕಿನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಕೊಡುತ್ತ ಬಂದಿರುವ ಸರಾಸರಿ ಇದು. ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ಆ ಏಳರಲ್ಲಿ ಬೆಲೆ ನೋಡಲು ಬಂದವರು, ಆಮೇಲೆ ಕೊಂಡರಾಯಿತು ಎಂದು ಇಟ್ಟುಹೋದವರು ಬಹಳ. ಅವರನ್ನು ಯಾವ ವಿನ್ಯಾಸವೂ ಹಿಡಿದು ನಿಲ್ಲಿಸದು. ಕೊಳ್ಳಬೇಕೆಂದೇ ಬಂದು, ಅಂಗಡಿಯ ಪುಟಗಳ ಕಾಟಕ್ಕೆ ಬೇಸತ್ತು ಹೋದವರದು ಬೇರೆ ಮಾತು.

ಧಾರವಾಡದಲ್ಲಿ ಚಟ್ನಿಪುಡಿ ಮಾಡಿ ತಮ್ಮದೇ ವೆಬ್‌ಸೈಟಿನಲ್ಲಿ ಮಾರುವ ಒಂದು ಮನೆಯವರಿದ್ದಾರೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಗಿರಾಕಿ ಕಾಲು ಕಿಲೋ ಶೇಂಗಾ ಚಟ್ನಿ, ಕಾಲು ಕಿಲೋ ಗುರೆಳ್ಳು ಚಟ್ನಿ ಆರಿಸುತ್ತಾರೆ. ಒಟ್ಟು 250 ರೂಪಾಯಿ. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ತುಂಬಿ ಕೊನೆಯ ಪುಟಕ್ಕೆ ಬಂದಾಗ ಮೊತ್ತ 360 ಆಗಿರುತ್ತದೆ. ನಡುವೆ ಸೇರಿದ್ದು 110 ರೂಪಾಯಿಯ ಡೆಲಿವರಿ ಶುಲ್ಕ. ಗಿರಾಕಿ ಎದ್ದುಹೋಗುವುದು ಇಲ್ಲೇ. ಕಾರ್ಟ್ ಬಿಟ್ಟುಹೋಗುವುದಕ್ಕೆ ಬೇಮಾರ್ಡ್ ಸಮೀಕ್ಷೆಗಳಲ್ಲಿ ಜನ ಹೇಳುವ ಮೊದಲ ಕಾರಣವೂ ಈ ಮೇಲುಖರ್ಚೇ.

110 ಎಲ್ಲಿಂದ ಬಂತು? ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕಿಲೋ ಲೆಕ್ಕದಲ್ಲಿ ದರ ಹಾಕುತ್ತಾರೆ. ಮೊದಲ ಅರ್ಧ ಕಿಲೋಗೆ 60, ನಂತರದ ಪ್ರತಿ ಅರ್ಧಕ್ಕೆ 50 ಎಂದು ಹಿಡಿಯೋಣ. ಎರಡು ಪೊಟ್ಟಣ ಸೇರಿ 500 ಗ್ರಾಂ, ರಟ್ಟಿನ ಡಬ್ಬಿ ಮತ್ತೆ 70 ಗ್ರಾಂ. ಆ 70 ಗ್ರಾಂ ಡಬ್ಬಿಯಿಂದಾಗಿ ಗಿರಾಕಿ 50 ರೂಪಾಯಿ ಹೆಚ್ಚು ಕೊಡಬೇಕಾಯಿತು. ಪೊಟ್ಟಣವನ್ನು 200 ಗ್ರಾಂಗೆ ಇಳಿಸಿದರೆ ಎರಡೂ ಡಬ್ಬಿಯೊಂದಿಗೆ 470 ಗ್ರಾಂ, ಶುಲ್ಕ 60ರಲ್ಲೇ ಮುಗಿಯುತ್ತದೆ. ಕಾಲು ಕಿಲೋವನ್ನೇ ಮಾರಬೇಕೆಂದಿದ್ದರೆ ಕಾರ್ಟಿನಲ್ಲೇ ಹೀಗೆ ಹೇಳಬಹುದು: ‘ಇನ್ನೊಂದು ಪೊಟ್ಟಣ ಹಾಕಿದರೂ ಡೆಲಿವರಿ 110 ರೂಪಾಯಿಯೇ.’ ಮೂರಕ್ಕೆ ತೂಕ 820 ಗ್ರಾಂ, ಕಿಲೋದೊಳಗೇ ಇದೆ. ಕಾರ್ಟ್ ವಿನ್ಯಾಸವೆಂದರೆ ಬಟನ್ನಿನ ಬಣ್ಣ ಎಂದುಕೊಂಡವರಿಗೆ ವಿಚಿತ್ರವೆನಿಸಬಹುದು, ಆದರೆ ಬಹಳ ಸಲ ಕೆಲಸ ಶುರುವಾಗಬೇಕಾದದ್ದು ತಕ್ಕಡಿಯ ಹತ್ತಿರ.

ಶುಲ್ಕ ಇಳಿಯದಿದ್ದರೂ ಅದನ್ನು ಮೊದಲೇ ತೋರಿಸಬೇಕು. ಇದಕ್ಕೆ ಪೂರ್ತಿ ವಿಳಾಸ ಬೇಕಿಲ್ಲ, ಪಿನ್ ಕೋಡಿನ ಆರು ಅಂಕಿ ಸಾಕು. ಕಾರ್ಟ್ ಪುಟದಲ್ಲೇ ಪಿನ್ ಕೇಳಿ, ಡೆಲಿವರಿ ಎಷ್ಟು, ಯಾವ ದಿನದೊಳಗೆ ತಲುಪುತ್ತದೆ, ಎಲ್ಲ ಸೇರಿ ಕೊಡಬೇಕಾದದ್ದೆಷ್ಟು ಎಂದು ಬರೆದರೆ, ಒಪ್ಪಿಗೆಯಿದ್ದವರು ಮುಂದೆ ಹೋಗುತ್ತಾರೆ. ಅದೇ ಪಿನ್ನಿನಿಂದ ಮುಂದಿನ ಪುಟದಲ್ಲಿ ಜಿಲ್ಲೆ, ರಾಜ್ಯ ತಾವಾಗಿಯೇ ತುಂಬಿಕೊಳ್ಳಲಿ, ಫೋನಿನಲ್ಲಿ ಟೈಪ್ ಮಾಡುವವರಿಗೆ ಅಷ್ಟು ಕಡಿಮೆ. ಬೆಲೆಯನ್ನು ತುಂಡುತುಂಡಾಗಿ ಹೊರಗೆಡಹುವುದು ಕೆಟ್ಟ ವ್ಯಾಪಾರವಷ್ಟೇ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಗಿರಾಕಿಯನ್ನು ಮೋಸಗೊಳಿಸುವ 13 ವಿನ್ಯಾಸಗಳನ್ನು ಹೆಸರಿಸಿದೆ. ಬೆಲೆಯನ್ನು ಕೊನೆಯಲ್ಲಿ ಬಿಚ್ಚುವುದು, ಕೇಳದೆ ಕಾರ್ಟಿಗೆ ಏನಾದರೂ ತುರುಕುವುದು, ‘ಇನ್ನು ಐದೇ ನಿಮಿಷ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಎಲ್ಲವೂ ಅದರಲ್ಲಿವೆ.

ಎರಡನೆಯ ತೊಡಕು ‘ಮೊದಲು ಖಾತೆ ತೆರೆಯಿರಿ’ ಎಂಬ ಪುಟ. ಈ ಬಗ್ಗೆ ಅಮೆರಿಕದ ಜೇರ್ಡ್ ಸ್ಪೂಲ್ 2009ರಲ್ಲಿ ಬರೆದ ಒಂದು ಪ್ರಸಂಗವನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ದೊಡ್ಡ ಅಂಗಡಿಯೊಂದರ ವೆಬ್‌ಸೈಟಿನಲ್ಲಿ ಕಾರ್ಟ್ ತುಂಬಿಸಿದವರಿಗೆ ಲಾಗಿನ್ ಅಥವಾ ನೋಂದಣಿ ಕೇಳುವ ಪುಟ ಎದುರಾಗುತ್ತಿತ್ತು. ಹಳೆಯ ಗಿರಾಕಿಗಳಿಗೆ ಅನುಕೂಲವಾಗಲೆಂದು ಮಾಡಿದ್ದು. ಹೊಸಬರು ಸಾಮಾನು ಕೊಳ್ಳಲು ಬಂದರೆ ಸಂಬಂಧ ಬೆಳೆಸಿ ಎನ್ನುತ್ತಾರಲ್ಲ ಎಂದು ಸಿಡಿಮಿಡಿಗೊಂಡರು. ಹಳಬರಿಗೂ ತಾವು ಕೊಟ್ಟಿದ್ದ ಇಮೇಲ್, ಪಾಸ್‌ವರ್ಡ್ ನೆನಪಿರಲಿಲ್ಲ. ಪಾಸ್‌ವರ್ಡ್ ಮರೆತು ಹೊಸದು ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಕೊಳ್ಳಲು ಮರಳಿ ಬರಲೇ ಇಲ್ಲ. ಕೊನೆಗೆ ನೋಂದಣಿ ಬಟನ್ ತೆಗೆದು ‘ಮುಂದುವರಿಯಿರಿ’ ಎಂಬ ಬಟನ್ ಇಟ್ಟರು, ಖಾತೆ ಕಡ್ಡಾಯವಲ್ಲ ಎಂಬ ಸಾಲು ಸೇರಿಸಿದರು. ಕೊಂಡವರ ಸಂಖ್ಯೆ ಶೇ. 45ರಷ್ಟು ಏರಿತು, ಒಂದು ವರ್ಷದಲ್ಲಿ 30 ಕೋಟಿ ಡಾಲರ್ ಹೆಚ್ಚಿನ ವ್ಯಾಪಾರವಾಯಿತು ಎಂದು ಸ್ಪೂಲ್ ಲೆಕ್ಕ ಕೊಟ್ಟಿದ್ದಾರೆ.

ನಮ್ಮಲ್ಲಿ ಆ ಪುಟದ ಜಾಗದಲ್ಲಿ ಒಟಿಪಿ ಕುಳಿತಿದೆ. ನೆಟ್‌ವರ್ಕ್ ಮಂದವಿದ್ದ ಊರಲ್ಲಿ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಡೆಲಿವರಿಗೆ ಫೋನ್ ನಂಬರ್ ಹೇಗೂ ಬೇಕು, ವಿಳಾಸದ ಜೊತೆಗೇ ಕೇಳಿದರೆ ಮುಗಿಯಿತು. ಮುಂಗಡ ದುಡ್ಡು ಕಟ್ಟುವವರ ನಂಬರನ್ನು ಒಟಿಪಿ ಕಳಿಸಿ ಪರೀಕ್ಷಿಸುವ ಅಗತ್ಯ ನನಗಂತೂ ಕಾಣದು. ಖಾತೆ ಬೇಕಾದರೆ ಆರ್ಡರ್ ಆದ ಮೇಲೆ ಕೇಳಲಿ.

ಇನ್ನು ದುಡ್ಡು ಕಟ್ಟುವ ಗಳಿಗೆ. ಯುಪಿಐ ಒತ್ತಿದೊಡನೆ ಗಿರಾಕಿ ಅಂಗಡಿಯ ಪುಟ ಬಿಟ್ಟು ಇನ್ನೊಂದು ಆ್ಯಪಿಗೆ ಹೋಗುತ್ತಾರೆ. ಅಲ್ಲಿ ಪಿನ್ ಒತ್ತಿ ಮರಳುವಷ್ಟರಲ್ಲಿ, ಮೆಮೊರಿ ಸಾಲದ ಫೋನು ಹಿಂದಿನ ಪುಟವನ್ನು ಮುಚ್ಚಿಬಿಟ್ಟಿರಬಹುದು. ಪುಟ ಮತ್ತೆ ತೆರೆದುಕೊಂಡಾಗ ಕಾರ್ಟ್ ಖಾಲಿ, ಖಾತೆಯಿಂದ ಹಣ ಕಟ್ಟಾಗಿದೆ. ಹೀಗಾದವರು ಆ ಅಂಗಡಿಗೆ ಮತ್ತೆ ಬರುವುದು ಕಷ್ಟ. ದೋಷ ಬಹುಮಟ್ಟಿಗೆ ಕಟ್ಟೋಣದ್ದು: ಗಿರಾಕಿಯ ಫೋನು ಮರಳಿ ಬಂದು ‘ಕಟ್ಟಿದ್ದೇನೆ’ ಎಂದ ಮೇಲಷ್ಟೇ ಆರ್ಡರ್ ದಾಖಲಾಗುವಂತೆ ಮಾಡಿರುತ್ತಾರೆ. ಪಾವತಿಗೆ ಕಳಿಸುವ ಮೊದಲೇ ಅಂಗಡಿಯ ಸರ್ವರ್ ಆರ್ಡರಿಗೆ ಒಂದು ಸಂಖ್ಯೆ ಕೊಟ್ಟು ‘ಹಣ ಬರಬೇಕಿದೆ’ ಎಂದು ಬರೆದಿಟ್ಟುಕೊಳ್ಳಬೇಕು. ಹಣ ಬಂದ ಸುದ್ದಿಯನ್ನು ಪೇಮೆಂಟ್ ಗೇಟ್‌ವೇ ನೇರವಾಗಿ ಆ ಸರ್ವರಿಗೆ ತಿಳಿಸಬೇಕು. ಈ ಸುದ್ದಿ ಒಮ್ಮೊಮ್ಮೆ ಎರಡು ಸಲ ಬರುವುದುಂಟು, ಒಂದೇ ಸಂಖ್ಯೆಗೆ ಎರಡು ಪೊಟ್ಟಣ ಹೊರಡದಂತೆ ನೋಡಿಕೊಳ್ಳಬೇಕು.

ಬ್ಯಾಂಕ್ ಉತ್ತರಿಸದೆ ತೂಗಾಡುವ ಪಾವತಿಗಳೂ ಇವೆ. ಆಗ ‘ವಿಫಲವಾಯಿತು, ಮತ್ತೆ ಯತ್ನಿಸಿ’ ಎಂದು ತೋರಿಸುವುದು ದೊಡ್ಡ ತಪ್ಪು, ಗಿರಾಕಿ ಎರಡು ಸಲ ಕಟ್ಟುತ್ತಾರೆ. ‘ಬ್ಯಾಂಕಿನಿಂದ ಉತ್ತರ ಬರಬೇಕಿದೆ, ಸದ್ಯ ಮತ್ತೆ ಕಟ್ಟಬೇಡಿ, ನಿಮ್ಮ ಆರ್ಡರ್ ಸಂಖ್ಯೆ ಇದು’ ಎಂದರೆ ಧೈರ್ಯ ಬರುತ್ತದೆ. ಕಟ್ಟಾದ ಹಣ ಅಂಗಡಿಗೆ ತಲುಪಿದ ಖಾತ್ರಿ ಸಿಗದಿದ್ದರೆ, ಪಾವತಿಯ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಅದನ್ನೂ ಅಲ್ಲೇ ಬರೆಯಬಹುದು.

ತೊಡಕು ಎಲ್ಲಿದೆ ಎಂದು ತಿಳಿಯಲು ಕಾರ್ಟ್, ವಿಳಾಸ, ಪಾವತಿ, ಆರ್ಡರ್ ಎಂಬ ನಾಲ್ಕು ಕಡೆ ತಲೆ ಎಣಿಸಬೇಕು. ಧಾರವಾಡದ ಅಂಗಡಿಯಲ್ಲಿ ನೂರು ಜನರಲ್ಲಿ 60 ಮಂದಿ ವಿಳಾಸದ ಪುಟಕ್ಕೆ, 28 ಮಂದಿ ಪಾವತಿಗೆ ಬಂದು 22 ಮಂದಿ ಕೊಂಡರು ಎನ್ನಿ. ಪಾವತಿಯಲ್ಲಿ ಕಳೆದುಕೊಂಡದ್ದು ಆರೇ ಜನ, ವಿಳಾಸದ ಪುಟದಲ್ಲಿ 32. ಕಾರ್ಟಿನಲ್ಲೇ ಪಿನ್ ಕೇಳಿ ಶುಲ್ಕ ತೋರಿಸಿದ ಮೇಲೆ ವಿಳಾಸದ ಪುಟಕ್ಕೆ ಬರುವವರೇ ಕಡಿಮೆಯಾಗಬಹುದು, ಅದಕ್ಕೆ ಹೆದರಬೇಕಿಲ್ಲ. ನೋಡಬೇಕಾದದ್ದು ಕೊನೆಯ 22 ಏರಿತೇ ಎಂದು. ದಿನಕ್ಕೆ ಹತ್ತು ಆರ್ಡರಿನ ಅಂಗಡಿಯಲ್ಲಿ ಒಂದು ವಾರದ ಏರಿಳಿತ ಏನನ್ನೂ ಹೇಳದು. ಅಷ್ಟು ಸಣ್ಣವರು ಪರಿಚಯದ ನಾಲ್ಕೈದು ಜನರನ್ನು ಕೂರಿಸಿ, ಅವರವರ ಫೋನಿನಲ್ಲೇ ಕೊಳ್ಳಲು ಹೇಳಿ, ಬಾಯಿ ಬಿಡದೆ ನೋಡಿದರೆ ಹೆಚ್ಚು ತಿಳಿಯುತ್ತದೆ.

ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಆ 22 ಥಟ್ಟನೆ ಏರುವುದು ನಿಜ. ಫ್ಲಿಪ್‌ಕಾರ್ಟ್ 2010ರಲ್ಲಿ ಅದನ್ನು ತಂದು ದೇಶಕ್ಕೆಲ್ಲ ರೂಢಿ ಮಾಡಿಸಿತು. ಆದರೆ ಪರದೆಯ ಮೇಲೆ ಬಿಡದ ಆರ್ಡರನ್ನು ಕೆಲವರು ಮನೆಬಾಗಿಲಲ್ಲಿ ಬಿಡುತ್ತಾರೆ. ಆಗ ಹೋದ ಖರ್ಚು, ಬಂದ ಖರ್ಚು ಎರಡೂ ಮಾರಿದವರ ಮೇಲೆಯೇ ಬೀಳುತ್ತವೆ. ಚಟ್ನಿಪುಡಿಯ ಅಂಗಡಿಯವರು ಅದನ್ನು ಇಡಬಹುದು, ಆದರೆ ನಂಬರಿಗೆ ಒಟಿಪಿ ಕಳಿಸಿ, ಡೆಲಿವರಿ ಶುಲ್ಕವನ್ನಾದರೂ ಮುಂಗಡ ಪಡೆದು ಇಡಬೇಕು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಬಂದ ಆರ್ಡರುಗಳನ್ನಲ್ಲ, ಗಿರಾಕಿ ಬಾಗಿಲಲ್ಲಿ ಕೈಚಾಚಿ ತೆಗೆದುಕೊಂಡ ಪೊಟ್ಟಣಗಳನ್ನು.